ಮಾತು ವಾಟ್ಸಾಪ್‌ನಲ್ಲಿ, ಒಪ್ಪಿಗೆ ಮೇಲ್‌ನಲ್ಲಿ

ಅಡುಗೆಮನೆಯ ಕ್ಯಾಬಿನೆಟ್, ಮಲಗುವ ಕೋಣೆಯ ವಾರ್ಡ್‌ರೋಬ್, ಟಿ.ವಿ. ಯೂನಿಟ್ ಇವನ್ನೆಲ್ಲ ಮಾಡಿಕೊಡುವ ಒಂದು ಸಣ್ಣ ಇಂಟೀರಿಯರ್ ಸಂಸ್ಥೆ ಮೈಸೂರಿನಲ್ಲಿದೆ ಎಂದುಕೊಳ್ಳೋಣ. ಮಾಲೀಕರು, ಡ್ರಾಯಿಂಗ್ ಮಾಡುವ ಒಬ್ಬರು, ಸೈಟ್ ನೋಡಿಕೊಳ್ಳುವ ಒಬ್ಬ ಸೂಪರ್‌ವೈಸರ್, ನಾಲ್ಕು ಜನ ಬಡಗಿಗಳು. ಮನೆ ಮೈಸೂರಿನಲ್ಲಿ, ಮನೆಯವರು ಬೆಂಗಳೂರಿನಲ್ಲಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಭಾನುವಾರ ಮಾತ್ರ ಸೈಟಿಗೆ ಬರುತ್ತಾರೆ. ಉಳಿದ ಆರು ದಿನದ ವ್ಯವಹಾರವೆಲ್ಲ ಫೋನಿನಲ್ಲೇ. ಎರಡು ಮೂರು ತಿಂಗಳ ಕೆಲಸದಲ್ಲಿ ಕೊಟೇಶನ್, ಕರಾರು, ಬಿಲ್ಲು ಮೇಲ್‌ನಲ್ಲಿ ಹೋಗುತ್ತವೆ. ಮಿಕ್ಕ ಮಾತೆಲ್ಲ ವಾಟ್ಸಾಪ್‌ನಲ್ಲಿ ಹರಿಯುತ್ತದೆ.

ಬರೆಯುವವರು ಅವರೇ, ಓದುವವರೂ ಅವರೇ. ಆದರೂ ಎರಡು ಕಡೆಯ ಬರವಣಿಗೆ ಬೇರೆ ಬೇರೆ. ಈ ವ್ಯತ್ಯಾಸ ಬರೀ ಮರ್ಯಾದೆಯದ್ದು ಎಂದು ಬಹಳ ಜನ ತಿಳಿದಿದ್ದಾರೆ: ಮೇಲ್ ಎಂದರೆ ಗಂಭೀರ, ವಾಟ್ಸಾಪ್ ಎಂದರೆ ಸಲುಗೆ. ಅಷ್ಟೇ ಆಗಿದ್ದರೆ ಇಷ್ಟು ಬರೆಯುವ ಅಗತ್ಯ ಇರಲಿಲ್ಲ. ಒಂದು ಮಾತು ಯಾವಾಗ ಮಾತಾಗಿಯೇ ಉಳಿಯಬಹುದು, ಯಾವಾಗ ಅದು ಲೆಕ್ಕಕ್ಕೆ ಸೇರಬೇಕು ಎಂಬುದು ಇಲ್ಲಿರುವ ನಿಜವಾದ ಪ್ರಶ್ನೆ. ಸಣ್ಣ ಸಂಸ್ಥೆಗಳಿಗೂ ಗ್ರಾಹಕರಿಗೂ ನಡುವೆ ಬರುವ ಜಗಳಗಳಲ್ಲಿ ನಾನು ಕಂಡ ಹೆಚ್ಚಿನವು ಕೆಟ್ಟ ಕೆಲಸದಿಂದ ಹುಟ್ಟಿದವಲ್ಲ. ವಾಟ್ಸಾಪ್‌ನಲ್ಲಿ ಹೇಳಿ ಮುಗಿಸಿದ, ಮೇಲ್‌ಗೆ ಏರದ ಒಂದು ಬದಲಾವಣೆಯಿಂದ ಹುಟ್ಟಿದವು.

ಒಂದು ಬದಲಾವಣೆಯನ್ನೇ ಹಿಡಿದು ನೋಡೋಣ. ಸೋಮವಾರ ರಾತ್ರಿ 9.40ಕ್ಕೆ ಮನೆಯ ಯಜಮಾನಿ ಒಂದು ನಿಮಿಷದ ವಾಯ್ಸ್ ಮೆಸೇಜ್ ಕಳಿಸುತ್ತಾರೆ. ನಾದಿನಿಯ ಮನೆಗೆ ಹೋಗಿದ್ದರಂತೆ, ಅಲ್ಲಿ ಅಡುಗೆಮನೆಯ ಬಾಗಿಲುಗಳು ಕನ್ನಡಿಯಂತೆ ಹೊಳೆಯುತ್ತಿದ್ದವಂತೆ, "ನಮ್ಗೂ ಲ್ಯಾಮಿನೇಟ್ ಬೇಡ, ಅಕ್ರಿಲಿಕ್ ಹಾಕ್ಬಿಡಿ" ಅಂತ. ಜೊತೆಗೆ ಎರಡು ಫೋಟೊ. ಇತ್ತ ಪ್ಲೈವುಡ್ ಬಂದು ಬಿದ್ದಿದೆ, ಗುರುವಾರ ಬೆಳಿಗ್ಗೆ ಶಟರ್ ಕಟಿಂಗ್ ಶುರು. ಕೊಟೇಶನ್‌ನಲ್ಲಿ ಇರುವುದು ಲ್ಯಾಮಿನೇಟ್ ಶಟರ್, ಚದರಡಿಗೆ 1,150 ರೂಪಾಯಿ. ಆ ಸಂಸ್ಥೆಯ ದರಪಟ್ಟಿಯಲ್ಲಿ ಅಕ್ರಿಲಿಕ್‌ಗೆ 1,650. ಅಡುಗೆಮನೆಯ ಶಟರ್‌ಗಳ ಅಳತೆ ಒಟ್ಟು 70 ಚದರಡಿ.

ಇಲ್ಲಿ ಸಹಜವಾಗಿ ಹೋಗುವ ಉತ್ತರ "ಆಯ್ತು ಮೇಡಂ, ಮಾಡ್ಸೋಣ" ಎಂಬುದು. ಗ್ರಾಹಕರ ಮನಸ್ಸು ನೋಯಬಾರದು, ರಾತ್ರಿ ಹೊತ್ತು ಲೆಕ್ಕ ತೆಗೆಯಬಾರದು ಎಂಬ ಒಳ್ಳೆಯ ಉದ್ದೇಶವೇ ಅದರ ಹಿಂದಿರುತ್ತದೆ. ಆದರೆ ಈ ಉತ್ತರ ಓದಿದವರಿಗೆ ಎರಡು ವಿಷಯ ತಿಳಿಯುತ್ತದೆ. ಒಂದು, ಕೆಲಸ ಒಪ್ಪಿಕೊಂಡರು. ಎರಡು, ಹಣದ ಮಾತು ಬರಲಿಲ್ಲ, ಅಂದರೆ ಹೆಚ್ಚೇನೂ ಆಗಲಿಕ್ಕಿಲ್ಲ. ಆರು ವಾರದ ನಂತರ ಬಿಲ್ಲಿನಲ್ಲಿ 41,300 ರೂಪಾಯಿ ಹೆಚ್ಚಾಗಿ ಕಾಣಿಸಿದಾಗ ಅವರಿಗೆ ಮೋಸವಾದಂತೆ ಅನಿಸುವುದು ಇದೇ ಕಾರಣಕ್ಕೆ.

ಹಾಗಂತ ರಾತ್ರಿ ಹತ್ತಕ್ಕೆ ಒಂದು ಉದ್ದನೆಯ ಮೇಲ್ ಕಳಿಸುವುದೂ ಸರಿಯಲ್ಲ. ಅವರು ಸಂತೋಷದಿಂದ ಮಾತಾಡಿದ್ದಾರೆ, ಮಾತಿಗೆ ಮಾತೇ ಸಿಗಬೇಕು. ಆ ಹೊತ್ತಿಗೆ ಒಪ್ಪುವ ಉತ್ತರ ಹೀಗಿರುತ್ತದೆ:

"ಕೇಳಿದೆ ಮೇಡಂ, ಫೋಟೊನೂ ನೋಡಿದೆ. ಅಕ್ರಿಲಿಕ್ ಹಾಕ್ಬಹುದು. ಆದ್ರೆ ರೇಟೂ ದಿನಾನೂ ಎರಡೂ ಬದಲಾಗುತ್ತೆ. ನಾಳೆ 11 ಗಂಟೆ ಒಳಗೆ ಲೆಕ್ಕ ಹಾಕಿ ನಿಮ್ಗೂ ಸರ್‌ಗೂ ಮೇಲ್ ಮಾಡ್ತೀನಿ. ನೀವು ನೋಡಿ ಹೇಳೋವರೆಗೂ ಶಟರ್ ಕಟಿಂಗ್ ಮುಟ್ಟಲ್ಲ."

ಇದರಲ್ಲಿ ಸಲುಗೆ ಇದೆ, ಆಡುಮಾತು ಇದೆ, "ಮಾಡ್ತೀನಿ", "ಮುಟ್ಟಲ್ಲ" ಎಂಬ ರೂಪಗಳಿವೆ. ಆದರೆ ಒಂದೇ ಒಂದು ಭರವಸೆ ಮಾತ್ರ ಇದೆ, ಅದು ನಾಳೆ ಲೆಕ್ಕ ಕೊಡುವ ಭರವಸೆ. ಹಣದ ಅಂಕಿ ಇಲ್ಲ, ಏಕೆಂದರೆ ಅಂದಾಜಿನಲ್ಲಿ ಹೇಳಿದ ಅಂಕಿಯೇ ಗ್ರಾಹಕರ ಮನಸ್ಸಿನಲ್ಲಿ ಕೊನೆಯವರೆಗೆ ಉಳಿದುಬಿಡುತ್ತದೆ. "ಒಂದು ಮೂವತ್ತು ಸಾವಿರ ಆಗಬಹುದು" ಎಂದು ರಾತ್ರಿ ಬರೆದವರು ಬೆಳಿಗ್ಗೆ ನಲವತ್ತೊಂದು ಎಂದು ಮೇಲ್ ಮಾಡಿದರೆ ಹನ್ನೊಂದು ಸಾವಿರಕ್ಕೆ ವಿವರಣೆ ಕೊಡುತ್ತ ಕೂರಬೇಕು.

ಮಂಗಳವಾರ ಬೆಳಿಗ್ಗೆ ಹೋಗುವ ಮೇಲ್‌ನಲ್ಲಿ ಮೊದಲು ಬರೆಯಬೇಕಾದದ್ದು ವಿಷಯದ ಸಾಲು. "ಅಡುಗೆಮನೆ ಶಟರ್: ಲ್ಯಾಮಿನೇಟ್ ಬದಲು ಅಕ್ರಿಲಿಕ್, ಬುಧವಾರ ಸಂಜೆ 5ರೊಳಗೆ ಒಪ್ಪಿಗೆ ಬೇಕು" ಎಂದರೆ ಮೇಲ್ ತೆರೆಯದವರಿಗೂ ಏನು, ಎಷ್ಟು ಹೊತ್ತಿಗೆ ಎಂಬುದು ತಿಳಿಯುತ್ತದೆ. ಆರು ತಿಂಗಳ ನಂತರ ಹುಡುಕಿದರೂ ಸಿಗುತ್ತದೆ. "ಮನೆ ಕೆಲಸದ ಬಗ್ಗೆ" ಎಂಬ ಸಾಲಿನ ಕೆಳಗೆ ಹತ್ತು ಮೇಲ್‌ಗಳಿದ್ದರೆ ಯಾವುದು ಯಾವುದೆಂದು ಯಾರಿಗೂ ಗೊತ್ತಾಗುವುದಿಲ್ಲ. ಒಳಗಿನ ಬರಹ ಹೀಗೆ:

"ನಮಸ್ಕಾರ. ಸೋಮವಾರ ರಾತ್ರಿ ನೀವು ವಾಟ್ಸಾಪ್‌ನಲ್ಲಿ ಕೇಳಿದಂತೆ ಅಡುಗೆಮನೆಯ ಶಟರ್‌ಗಳನ್ನು ಲ್ಯಾಮಿನೇಟ್ ಬದಲು ಅಕ್ರಿಲಿಕ್‌ನಲ್ಲಿ ಮಾಡಿಕೊಡಬಹುದು. ಕ್ಯಾಬಿನೆಟ್ ಒಳಭಾಗ, ಲಾಫ್ಟ್, ಹಿಂಜ್, ಚಾನೆಲ್ ಯಾವುದೂ ಬದಲಾಗುವುದಿಲ್ಲ.

ಶಟರ್ ಅಳತೆ 70 ಚದರಡಿ. ಚದರಡಿಗೆ ಹೆಚ್ಚುವರಿ ದರ 500 ರೂ. ಒಟ್ಟು 35,000 ರೂ., ಜಿಎಸ್‌ಟಿ ಶೇ. 18ರಂತೆ 6,300 ರೂ., ಸೇರಿ 41,300 ರೂ.

ಅಕ್ರಿಲಿಕ್ ಶಟರ್‌ಗಳನ್ನು ಫ್ಯಾಕ್ಟರಿಯಲ್ಲಿ ಪ್ರೆಸ್ ಮಾಡಿಸಬೇಕಾದ್ದರಿಂದ ಅಡುಗೆಮನೆ ಮುಗಿಯುವ ದಿನ ಜೂನ್ 30ರಿಂದ ಜುಲೈ 10ಕ್ಕೆ ಹೋಗುತ್ತದೆ. ಬೇರೆ ಕೋಣೆಗಳ ದಿನಾಂಕದಲ್ಲಿ ಬದಲಾವಣೆ ಇಲ್ಲ.

ಒಪ್ಪಿಗೆ ಇದ್ದರೆ ಬುಧವಾರ ಸಂಜೆ 5ರೊಳಗೆ ಈ ಮೇಲ್‌ಗೆ 'ಒಪ್ಪಿದ್ದೇವೆ' ಎಂದು ಉತ್ತರಿಸಿ. ಬಣ್ಣದ ಕೋಡ್ ಅನ್ನು ಶುಕ್ರವಾರದೊಳಗೆ ತಿಳಿಸಿದರೆ ಸಾಕು. ಬುಧವಾರದೊಳಗೆ ಉತ್ತರ ಬರದಿದ್ದರೆ ಮೂಲ ಕೊಟೇಶನ್‌ನಲ್ಲಿರುವಂತೆ ಲ್ಯಾಮಿನೇಟ್‌ನಲ್ಲೇ ಕೆಲಸ ಮುಂದುವರಿಸುತ್ತೇವೆ."

ಈ ಮೇಲ್‌ನ ಧಾಟಿ ರಾತ್ರಿಯ ಮೆಸೇಜ್‌ಗಿಂತ ಬೇರೆ. ವಾಕ್ಯಗಳು ಪೂರ್ತಿಯಾಗಿವೆ, "ಮಾಡಿಕೊಡಬಹುದು", "ಮುಂದುವರಿಸುತ್ತೇವೆ" ಎಂಬ ಬರಹದ ರೂಪಗಳಿವೆ. "ನಾನು" ಹೋಗಿ "ನಾವು" ಬಂದಿದೆ, ಏಕೆಂದರೆ ಈಗ ಹೇಳುತ್ತಿರುವುದು ಸಂಸ್ಥೆ. ಆದರೆ ಸರ್ಕಾರಿ ಕಚೇರಿಯ ಭಾಷೆ ಇಲ್ಲ. "ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ" ಎಂದು ಶುರುವಾಗುವ ಮೇಲ್ ನಾದಿನಿಯ ಮನೆಯ ಅಡುಗೆಮನೆ ನೋಡಿ ಖುಷಿಪಟ್ಟವರಿಗೆ ನೋಟಿಸಿನ ಹಾಗೆ ಕೇಳಿಸುತ್ತದೆ. ಮೇಲ್‌ಗೆ ಬೇಕಾದ ಗಾಂಭೀರ್ಯ ದೊಡ್ಡ ಪದಗಳಿಂದ ಬರುವುದಿಲ್ಲ. ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ, ಎಷ್ಟು ಹಣ, ಯಾವ ದಿನ, ಉತ್ತರ ಬರದಿದ್ದರೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಿದರೆ ಬರುತ್ತದೆ.

ಇವುಗಳಲ್ಲಿ ಕೊನೆಯದನ್ನು, ಅಂದರೆ ಉತ್ತರ ಬರದಿದ್ದರೆ ಏನಾಗುತ್ತದೆ ಎಂಬುದನ್ನು, ಬಹಳ ಜನ ಬರೆಯುವುದೇ ಇಲ್ಲ. ಬರೆದರೆ ಒರಟಾಗುತ್ತದೇನೋ ಎಂಬ ಅಳುಕು. ವಾಸ್ತವದಲ್ಲಿ ಅದು ಗ್ರಾಹಕರಿಗೆ ಮಾಡುವ ಉಪಕಾರ. ಆಫೀಸಿನ ಗಡಿಬಿಡಿಯಲ್ಲಿ ಮೇಲ್ ನೋಡಲಾಗದಿದ್ದರೆ ತಮ್ಮ ಮನೆಗೆ ಏನಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಇತ್ತ ಬಡಗಿಗಳೂ ಗುರುವಾರ ಕೈಕಟ್ಟಿ ಕೂರಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಉತ್ತರ ಬರದಿದ್ದರೆ ಹಳೆಯ ಒಪ್ಪಂದವೇ ನಡೆಯುತ್ತದೆ ಎನ್ನಬಹುದು. ಉತ್ತರ ಬರದಿದ್ದರೆ ಹೆಚ್ಚಿನ ಹಣಕ್ಕೆ ಒಪ್ಪಿದಂತೆ ಎಂದು ಬರೆಯುವುದು ನ್ಯಾಯವಲ್ಲ.

ಮೇಲ್ ಹೋದ ಕೂಡಲೇ ಮತ್ತೆ ವಾಟ್ಸಾಪ್‌ಗೆ ಬರಬೇಕು. ಮೇಲ್‌ನ ದೊಡ್ಡ ಕೊರತೆ ಎಂದರೆ ಅದನ್ನು ಯಾರೂ ತಕ್ಷಣ ನೋಡುವುದಿಲ್ಲ. ಕೆಲವೊಮ್ಮೆ ಸ್ಪ್ಯಾಮ್‌ಗೆ ಹೋಗಿರುತ್ತದೆ. "ಮೇಡಂ, ಶಟರ್ ಲೆಕ್ಕ ಮೇಲ್ ಮಾಡಿದ್ದೀನಿ. ನಾಳೆ ಸಂಜೆ 5ರ ಒಳಗೆ ಅದರಲ್ಲೇ ಒಂದು ಸಾಲು ಉತ್ತರ ಹಾಕಿದ್ರೆ ಗುರುವಾರದ ಕಟಿಂಗ್‌ಗೆ ಸರಿಹೋಗುತ್ತೆ. ಕಾಣಿಸ್ದೆ ಇದ್ರೆ ಸ್ಪ್ಯಾಮ್ ನೋಡಿ" ಎಂಬ ಎರಡು ಮೂರು ಸಾಲು ಸಾಕು. ಇಲ್ಲಿ ಹಣದ ಲೆಕ್ಕವನ್ನು ಮತ್ತೆ ಬರೆಯಬಾರದು. ಒಂದೇ ಲೆಕ್ಕ ಎರಡು ಕಡೆ ಇದ್ದರೆ, ಒಂದು ಕಡೆ ಜಿಎಸ್‌ಟಿ ಸೇರಿಸಿ ಇನ್ನೊಂದು ಕಡೆ ಬಿಟ್ಟು ಬರೆದರೆ, ಯಾವುದು ನಿಜ ಎಂಬ ಚರ್ಚೆ ಶುರುವಾಗುತ್ತದೆ.

ಈಗ ಬುಧವಾರ ಮಧ್ಯಾಹ್ನ ಯಜಮಾನಿಯಿಂದ ವಾಟ್ಸಾಪ್‌ನಲ್ಲಿ ಹೆಬ್ಬೆರಳು ಎತ್ತಿದ ಗುರುತು ಬರುತ್ತದೆ. ಮೇಲ್‌ಗೆ ಉತ್ತರ ಇಲ್ಲ. ಇದು ಒಪ್ಪಿಗೆಯೋ, "ನಿಮ್ಮ ಮೆಸೇಜ್ ನೋಡಿದೆ" ಎಂಬುದೋ?

ಇದೇ ಪ್ರಶ್ನೆ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ನ್ಯಾಯಾಲಯಕ್ಕೆ ಹೋಗಿತ್ತು. 2021ರ ಮಾರ್ಚ್‌ನಲ್ಲಿ ಒಂದು ಧಾನ್ಯ ಖರೀದಿ ಸಂಸ್ಥೆಯವರು ಅಗಸೆ ಬೆಳೆಯುವ ರೈತರೊಬ್ಬರಿಗೆ ಕರಾರು ಪತ್ರದ ಫೋಟೊ ಕಳಿಸಿ, ಅಗಸೆಯ ಕರಾರನ್ನು ಖಚಿತಪಡಿಸಿ ಎಂದು ಮೊಬೈಲ್ ಸಂದೇಶದಲ್ಲಿ ಕೇಳಿದರು. ರೈತರು ಹೆಬ್ಬೆರಳಿನ ಗುರುತು ಕಳಿಸಿದರು. ನವೆಂಬರ್ ಹೊತ್ತಿಗೆ ಅಗಸೆಯ ಬೆಲೆ ಏರಿತ್ತು, ಮಾಲು ಬರಲಿಲ್ಲ. ಕರಾರು ತಲುಪಿತು ಎನ್ನಲು ಆ ಗುರುತು ಹಾಕಿದ್ದೇ ಹೊರತು ಒಪ್ಪಿದೆ ಎನ್ನಲು ಅಲ್ಲ ಎಂಬುದು ರೈತರ ವಾದ. 2023ರ ಜೂನ್‌ನಲ್ಲಿ ನ್ಯಾಯಾಧೀಶರು ಅದನ್ನು ಸಹಿಗೆ ಸಮವಾದ ಒಪ್ಪಿಗೆ ಎಂದೇ ತೀರ್ಮಾನಿಸಿದರು. ಸುಮಾರು 82,000 ಕೆನಡಾ ಡಾಲರ್ ಪರಿಹಾರ ಕೊಡಬೇಕಾಯಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಇಲ್ಲಿ ಗಮನಿಸಬೇಕಾದದ್ದು ತೀರ್ಪಿಗೆ ಕೊಟ್ಟ ಕಾರಣ. ಅದೇ ಇಬ್ಬರ ನಡುವೆ ಹಿಂದಿನ ಕರಾರುಗಳೂ "ಓಕೆ" ಎಂಬಂಥ ಚುಟುಕು ಉತ್ತರಗಳಿಂದಲೇ ಒಪ್ಪಿತವಾಗಿದ್ದವು, ಆಗೆಲ್ಲ ಮಾಲು ಬಂದಿತ್ತು. ಅಂದರೆ ಗುರುತಿನ ಅರ್ಥವನ್ನು ತೀರ್ಮಾನಿಸಿದ್ದು ಆ ಇಬ್ಬರ ಹಳೆಯ ರೂಢಿ.

ಕೆನಡಾದ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ಮೈಸೂರಿನ ಸಂಸ್ಥೆಗೂ ಅದೇ ತರ್ಕ ಅನ್ವಯಿಸುತ್ತದೆ. ಇದೇ ಗ್ರಾಹಕರು ಸೈಟಿನ ಫೋಟೊಗೂ ಹೆಬ್ಬೆರಳು, ಶುಭೋದಯಕ್ಕೂ ಹೆಬ್ಬೆರಳು ಹಾಕುವವರಾಗಿದ್ದರೆ ಈ ಒಂದು ಗುರುತಿಗೆ 41,300 ರೂಪಾಯಿಯ ಭಾರ ಹೊರಿಸಲಾಗದು. ಹಾಗಾಗಿ ಕೇಳಿಬಿಡಬೇಕು: "ಥ್ಯಾಂಕ್ಯೂ ಮೇಡಂ. 41,300 ಹೆಚ್ಚುವರಿ, ಜುಲೈ 10, ಎರಡಕ್ಕೂ ಒಪ್ಪಿಗೆ ಅಂತ ತಗೊಳ್ಲಾ? ಹೌದು ಅಂದ್ರೆ ಮೇಲ್‌ಗೂ ಒಂದು ಸಾಲು ಹಾಕ್ಬಿಡಿ." ಮುಂಚೆ ವಾಟ್ಸಾಪ್‌ನಲ್ಲಿ ಲೆಕ್ಕ ಬರೆಯಬಾರದು ಎಂದಿದ್ದೆ. ಇದೊಂದು ಕಡೆ ಮಾತ್ರ ಬರೆಯಬೇಕು, ಅದೂ ಮೇಲ್‌ನಲ್ಲಿರುವ ಅಂಕಿಯನ್ನೇ. ಯಾವುದಕ್ಕೆ ಹೌದು ಎನ್ನುತ್ತಿದ್ದೇವೆ ಎಂಬುದು ಆ ಉತ್ತರದ ಪಕ್ಕದಲ್ಲೇ ಕಾಣಬೇಕು.

ಅಷ್ಟರಲ್ಲಿ ಯಜಮಾನರ ಕಡೆಯಿಂದ ಮೇಲ್ ಬಂದರೆ? "ಅಕ್ರಿಲಿಕ್ ಯಾಕೆ, ಲ್ಯಾಮಿನೇಟೇ ಇರಲಿ." ಮನೆ ಕೆಲಸದಲ್ಲಿ ಇದು ಅಪರೂಪವಲ್ಲ. ವಾಟ್ಸಾಪ್‌ನಲ್ಲಿ ಮಾತಾಡುವವರು ಒಬ್ಬರು, ದುಡ್ಡು ಹಾಕುವವರು ಇನ್ನೊಬ್ಬರು. ಇಬ್ಬರೂ ಇರುವ ಒಂದೇ ಮೇಲ್‌ಗೆ ಇಬ್ಬರೂ ಉತ್ತರಿಸಿದಾಗ ಈ ಭಿನ್ನಾಭಿಪ್ರಾಯ ಕಟಿಂಗ್‌ಗೆ ಮುಂಚೆಯೇ ಮೇಲೆ ಬರುತ್ತದೆ. ಆಗ ಸಂಸ್ಥೆಯವರು ಯಾರ ಪರವನ್ನೂ ವಹಿಸಬೇಕಿಲ್ಲ. "ನೀವಿಬ್ಬರೂ ಮಾತಾಡಿ ತಿಳಿಸಿ, ಶನಿವಾರದವರೆಗೆ ವಾರ್ಡ್‌ರೋಬ್ ಕೆಲಸ ತಗೋತೀವಿ" ಎಂದು ವಾಟ್ಸಾಪ್ ಗ್ರೂಪಿನಲ್ಲಿ ಸೌಮ್ಯವಾಗಿ ಹೇಳಿದರೆ ಸಾಕು. ಕರಾರಿನಲ್ಲೇ ಒಪ್ಪಿಗೆ ಕೊಡುವವರು ಯಾರು ಎಂದು ಹೆಸರು ಬರೆಸಿಕೊಂಡಿದ್ದರೆ ಇನ್ನೂ ಒಳ್ಳೆಯದು.

ಇಷ್ಟಕ್ಕೂ ವಾಟ್ಸಾಪ್‌ನಲ್ಲಿ ಬಂದ ಒಪ್ಪಿಗೆ ಕಾನೂನಿಗೆ ಸಾಲದೇ ಎಂದು ಕೇಳಬಹುದು. ಸಲ್ಲುತ್ತದೆ. ಒಪ್ಪಂದವು ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಅದು ಅಸಿಂಧುವಾಗುವುದಿಲ್ಲ ಎಂದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. ಅದು ಮೇಲ್, ವಾಟ್ಸಾಪ್ ಎಂದು ಭೇದ ಮಾಡುವುದಿಲ್ಲ. ತೊಡಕು ಇರುವುದು ಸಾಕ್ಷ್ಯದಲ್ಲಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಎಲೆಕ್ಟ್ರಾನಿಕ್ ದಾಖಲೆಯ ಪ್ರತಿಯನ್ನು ಹಾಜರುಪಡಿಸುವಾಗ ಜೊತೆಗೆ ನಿಗದಿತ ಪ್ರಮಾಣಪತ್ರ ಕೊಡಬೇಕು. ಮೇಲ್‌ಗೂ ಈ ನಿಯಮವೇ. ಬರೀ ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಆಯಿತು ಎಂಬ ನಂಬಿಕೆ ತಪ್ಪು.

ದಿನನಿತ್ಯದ ವ್ಯವಹಾರದಲ್ಲಿ ಇದಕ್ಕಿಂತ ಮುಖ್ಯವಾದದ್ದು ಎರಡರ ಸ್ವಭಾವ. ವಾಟ್ಸಾಪ್‌ನಲ್ಲಿ ಕಳಿಸಿದ ಸಂದೇಶವನ್ನು 15 ನಿಮಿಷದೊಳಗೆ ತಿದ್ದಬಹುದು. ತಿದ್ದಿದ್ದು ಎಂಬ ಗುರುತು ಉಳಿಯುತ್ತದೆ, ಮೊದಲು ಏನಿತ್ತು ಎಂಬುದು ಉಳಿಯುವುದಿಲ್ಲ. ಸುಮಾರು ಎರಡು ದಿನದೊಳಗೆ ಇಬ್ಬರ ಫೋನಿನಿಂದಲೂ ಅಳಿಸಬಹುದು. ತಾನಾಗಿ ಮಾಯವಾಗುವ ವ್ಯವಸ್ಥೆಯನ್ನು ಯಾರಾದರೂ ಆನ್ ಮಾಡಿದ್ದರೆ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾತು ಹೋಗಿಬಿಡುತ್ತದೆ. 90 ದಿನ ಎಂದರೆ ಹೆಚ್ಚು ಕಡಿಮೆ ಒಂದು ಮನೆಯ ಇಂಟೀರಿಯರ್ ಕೆಲಸ ಮುಗಿಯುವ ಕಾಲ. ಮೇಲಾಗಿ ಆ ಚಾಟ್ ಇರುವುದು ಸೂಪರ್‌ವೈಸರ್‌ನ ಸ್ವಂತ ಫೋನಿನಲ್ಲಿ. ಅವನು ಕೆಲಸ ಬಿಟ್ಟರೆ ಗ್ರಾಹಕರೊಂದಿಗಿನ ಎರಡು ತಿಂಗಳ ಮಾತೆಲ್ಲ ಅವನ ಜೊತೆಗೇ ಹೋಗುತ್ತದೆ. ಸಂಸ್ಥೆಯ ವಿಳಾಸಕ್ಕೆ ಬಂದ ಮೇಲ್ ಸಂಸ್ಥೆಯಲ್ಲೇ ಉಳಿಯುತ್ತದೆ. ಕಳಿಸಿದ ಮೇಲೆ ಯಾರೂ ಅದನ್ನು ಇನ್ನೊಬ್ಬರ ಪೆಟ್ಟಿಗೆಯಲ್ಲಿ ತಿದ್ದಲಾರರು.

ಬಣ್ಣದ ವಿಷಯದಲ್ಲಿ ಇನ್ನೂ ಒಂದು ತೊಂದರೆ ಇದೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ, ಜೊತೆಗೆ ಪ್ರತಿ ಫೋನಿನ ಪರದೆಯೂ ಬಣ್ಣವನ್ನು ತನ್ನದೇ ರೀತಿ ತೋರಿಸುತ್ತದೆ. "ಫೋಟೊದಲ್ಲಿ ಇದ್ದ ಬೂದು ಇದಲ್ಲ" ಎಂಬ ದೂರು ಬಂದಾಗ ಇಬ್ಬರೂ ನಿಜವನ್ನೇ ಹೇಳುತ್ತಿರುತ್ತಾರೆ. ಫೋಟೊ ನೋಡಿ ಇಷ್ಟ, ಇಷ್ಟವಿಲ್ಲ ಎನ್ನುವುದು ವಾಟ್ಸಾಪ್‌ನಲ್ಲಿ ಆಗಲಿ. ಕೊನೆಯ ಆಯ್ಕೆ ಮಾತ್ರ ಕೈಯಲ್ಲಿ ಹಿಡಿದ ಸ್ಯಾಂಪಲ್ ತುಂಡಿನಿಂದ ಆಗಬೇಕು. ಅದರ ಹಿಂಬದಿಯಲ್ಲಿ ಗ್ರಾಹಕರ ಸಹಿ, ದಿನಾಂಕ, ಕ್ಯಾಟಲಾಗ್ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ಅದೇ ದಿನ ಮೇಲ್‌ಗೆ ಸೇರಿಸಬೇಕು.

ಕೆಟ್ಟ ಸುದ್ದಿ ಹೇಳಬೇಕಾದಾಗ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಫ್ಯಾಕ್ಟರಿಯಲ್ಲಿ ಅಕ್ರಿಲಿಕ್ ಶೀಟ್ ಬಂದಿಲ್ಲ, ಜುಲೈ 10 ಆಗುವುದಿಲ್ಲ, 16 ಆಗುತ್ತದೆ ಎಂದುಕೊಳ್ಳಿ. ವಾಟ್ಸಾಪ್‌ನಲ್ಲಿ "ಸ್ವಲ್ಪ ಲೇಟ್ ಆಗ್ಬಹುದು ಸರ್" ಎಂದು ಬರೆದು ಬಿಡುವುದು ಸುಲಭ. ಆದರೆ ಗೃಹಪ್ರವೇಶಕ್ಕೆ 12ನೇ ತಾರೀಕು ನಿಗದಿ ಮಾಡಿ ಆಮಂತ್ರಣ ಹಂಚಿದವರಿಗೆ "ಸ್ವಲ್ಪ" ಎಂದರೆ ಎಷ್ಟು ಎಂಬುದೇ ಎಲ್ಲಕ್ಕಿಂತ ದೊಡ್ಡ ವಿಷಯ. ನೇರವಾಗಿ ಮೇಲ್ ಕಳಿಸಿದರೋ, ಎದುರು ಮಾತಾಡಲು ಹೆದರಿ ಕಾಗದ ಕಳಿಸಿದ ಹಾಗಾಗುತ್ತದೆ. ಮೊದಲು ಫೋನ್ ಮಾಡಿ ಬಾಯಲ್ಲೇ ಹೇಳಬೇಕು, ಬೈದರೆ ಬೈಸಿಕೊಳ್ಳಬೇಕು. ಅದೇ ದಿನ ಸಂಜೆ ಮೇಲ್‌ನಲ್ಲಿ ಹೊಸ ದಿನಾಂಕ, ಕಾರಣ, ಪೂಜೆಯ ದಿನಕ್ಕೆ ಏನು ತಾತ್ಕಾಲಿಕ ವ್ಯವಸ್ಥೆ ಎಂಬುದನ್ನು ಬರೆಯಬೇಕು. ಹಾಲು ಉಕ್ಕಿಸುವ ಕಡೆಯ ಕೌಂಟರ್, ಸಿಂಕ್ ಸಿದ್ಧವಿರುತ್ತದೆ, ಶಟರ್ ಇಲ್ಲದ ಕ್ಯಾಬಿನೆಟ್‌ಗಳಿಗೆ ಆ ದಿನ ಪರದೆ ಹಾಕಿಕೊಡುತ್ತೇವೆ ಎಂಬಷ್ಟು ನಿಖರವಾಗಿ. ಆಮೇಲೆ ದಿನವೂ ಸಂಜೆ ವಾಟ್ಸಾಪ್‌ನಲ್ಲಿ ಸೈಟಿನ ಒಂದು ಫೋಟೊ. ಕೋಪ ಇಳಿಯುವುದು ಮೇಲ್‌ನಿಂದಲ್ಲ, ಆ ಫೋಟೊಗಳಿಂದ.

ಗ್ರಾಹಕರೇ ಕೋಪದಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಸಾಲುಸಾಲಾಗಿ ಬರೆಯತೊಡಗಿದಾಗಲೂ ಇದೇ ಕ್ರಮ. ಅಂಥ ಹೊತ್ತಿನಲ್ಲಿ ಸಂಸ್ಥೆಯ ಉತ್ತರ ಇದ್ದಕ್ಕಿದ್ದಂತೆ ಮೇಲ್‌ನಲ್ಲಿ, ಅದೂ ಇಂಗ್ಲಿಷ್‌ನಲ್ಲಿ, ಬಂದರೆ ಇವರು ಕೋರ್ಟಿಗೆ ತಯಾರಿ ನಡೆಸುತ್ತಿದ್ದಾರೆ ಎಂದೇ ಅವರು ತಿಳಿಯುತ್ತಾರೆ. ನಮ್ಮಲ್ಲಿ ವಾಟ್ಸಾಪ್‌ನಿಂದ ಮೇಲ್‌ಗೆ ಹೋಗುವುದು ಬಹಳ ಸಲ ಕನ್ನಡದಿಂದ ಇಂಗ್ಲಿಷ್‌ಗೆ ಹೋಗುವುದೂ ಆಗಿರುತ್ತದೆ. ನಿನ್ನೆಯವರೆಗೆ "ಮೇಡಂ, ಊಟ ಆಯ್ತಾ" ಎನ್ನುತ್ತಿದ್ದವರು ಇಂದು "ಡಿಯರ್ ಕಸ್ಟಮರ್" ಎಂದರೆ ಸಂಬಂಧ ಕಡಿದುಕೊಂಡಂತೆಯೇ. ಕನ್ನಡದಲ್ಲಿ ಮಾತಾಡುವ ಗ್ರಾಹಕರಿಗೆ ಕನ್ನಡದಲ್ಲೇ ಮೇಲ್ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಲೆಕ್ಕ, ದಿನಾಂಕ, ಅಳತೆ ಇವನ್ನು ಬರೆಯಲು ಕನ್ನಡ ಧಾರಾಳ ಸಾಕು. ಮೇಲಿನ ಮೇಲ್ ನೋಡಿ, ಕೊಟೇಶನ್‌ಗೆ ಬೇಕಾದ ಯಾವ ಮಾತೂ ಅಲ್ಲಿ ಕೊರತೆಯಾಗಿಲ್ಲ.

ಹಣ ಕೇಳುವ ವಿಷಯದಲ್ಲಿ ವಾಟ್ಸಾಪ್‌ನದ್ದೇ ಮೊದಲ ಪಾಳಿ. ಎರಡನೇ ಕಂತು ಬರಬೇಕಾದ ದಿನ "ಸರ್, ಇವತ್ತು ಎರಡನೇ ಕಂತಿನ ದಿನ, ಬಿಲ್ ನಿಮ್ಮ ಮೇಲ್‌ನಲ್ಲಿದೆ" ಎಂದರೆ ಯಾರಿಗೂ ಬೇಸರವಾಗುವುದಿಲ್ಲ. ಎರಡು ಮೂರು ಸಲ ನೆನಪಿಸಿದರೂ ಬರದಿದ್ದಾಗ ಮೇಲ್. ಅದರಲ್ಲಿ ಬಿಲ್ ಸಂಖ್ಯೆ, ಮೊತ್ತ, ಕೊಡಬೇಕಿದ್ದ ದಿನ, ಹಣ ಬರುವವರೆಗೆ ಯಾವ ಕೆಲಸ ನಿಲ್ಲುತ್ತದೆ ಎಂಬುದು. ವಾಟ್ಸಾಪ್‌ನಲ್ಲಿ ಕೆಲಸ ನಿಲ್ಲಿಸುವ ಮಾತು ಬರೆಯಬಾರದು. ಅಲ್ಲಿ ಅದು ಬೆದರಿಕೆಯಾಗಿ ಕೇಳಿಸುತ್ತದೆ, ಮೇಲ್‌ನಲ್ಲಿ ಕರಾರಿನ ಒಂದು ಷರತ್ತಾಗಿ ಕಾಣುತ್ತದೆ.

ಹಾಗಾದರೆ ಯಾವಾಗ ಮೇಲ್‌ಗೆ ದಾಟಬೇಕು ಎಂಬುದಕ್ಕೆ ನಾನು ನಂಬುವ ಪರೀಕ್ಷೆ ಒಂದೇ. ಈ ಮಾತಿನಿಂದ ಹಣ, ಮುಗಿಯುವ ದಿನ, ಸಾಮಗ್ರಿ ಅಥವಾ ಹೊಣೆ, ಈ ನಾಲ್ಕರಲ್ಲಿ ಯಾವುದಾದರೂ ಬದಲಾಗುತ್ತದೆಯೇ? ಬದಲಾದರೆ ಅದೇ ದಿನ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ ಮೇಲ್. ಬದಲಾಗದಿದ್ದರೆ ವಾಟ್ಸಾಪ್ ಸಾಕು. ನಾಳೆ ಬಡಗಿ ಎಷ್ಟು ಹೊತ್ತಿಗೆ ಬರುತ್ತಾನೆ, ಬೀಗದ ಕೈ ಯಾರ ಹತ್ತಿರ ಇದೆ, ಪ್ಲೈವುಡ್ ಇಳಿಸಿದ್ದೇವೆ, ನೋಡಿ ಫೋಟೊ. ಇವನ್ನೆಲ್ಲ ಮೇಲ್ ಮಾಡುತ್ತ ಕೂತರೆ ಮುಖ್ಯವಾದ ಮೇಲ್ ಅವುಗಳ ನಡುವೆ ಹೂತುಹೋಗುತ್ತದೆ. ಮೇಲ್ ಅಪರೂಪವಾಗಿದ್ದಷ್ಟೂ ಗ್ರಾಹಕರು ಅದನ್ನು ಓದುತ್ತಾರೆ.

ಈ ಏರ್ಪಾಟನ್ನು ಅಡ್ವಾನ್ಸ್ ತೆಗೆದುಕೊಳ್ಳುವ ದಿನವೇ ಹೇಳಿಬಿಡಬೇಕು. "ದಿನದ ಮಾತೆಲ್ಲ ಗ್ರೂಪಿನಲ್ಲಿ ಆಡೋಣ ಮೇಡಂ. ದುಡ್ಡು, ದಿನ, ಸಾಮಾನು ಬದಲಾದ್ರೆ ಮಾತ್ರ ಮೇಲ್ ಮಾಡ್ತೀವಿ, ಅದಕ್ಕೆ ನೀವು ಉತ್ತರ ಕೊಟ್ಟಮೇಲೇ ಮುಂದಿನ ಕೆಲಸ" ಎಂದು ಎದುರಿಗೆ ಹೇಳಿ, ಕರಾರಿನಲ್ಲೂ ಅದನ್ನು ಒಂದು ಸಾಲಾಗಿ ಸೇರಿಸಬೇಕು. ಸಂಬಂಧ ಚೆನ್ನಾಗಿರುವಾಗಲೇ ಎರಡು ಮೂರು ಮೇಲ್ ಹೋಗಿ ಬಂದಿದ್ದರೆ, ಮುಂದೆ ಕಷ್ಟದ ಮೇಲ್ ಬಂದಾಗ ಯಾರೂ ಗಾಬರಿಯಾಗುವುದಿಲ್ಲ.

ಈ ಲೇಖನ ಓದುವವರಲ್ಲಿ ಮನೆ ಕೆಲಸ ಮಾಡುವವರಿಗಿಂತ ಮಾಡಿಸುವವರೇ ಹೆಚ್ಚಿರುತ್ತೀರಿ. ನಿಮ್ಮ ಇಂಟೀರಿಯರ್‌ನವರೋ ಗುತ್ತಿಗೆದಾರರೋ ಇಂಥ ಮೇಲ್ ಕಳಿಸಿದರೆ ಅಪನಂಬಿಕೆ ಎಂದು ತಿಳಿಯಬೇಡಿ, ಅಂಕಿಗಳನ್ನು ಓದಿ ಒಂದು ಸಾಲು ಉತ್ತರ ಬರೆಯಿರಿ. ಅವರು ಕಳಿಸದೆ "ಆಯ್ತು, ಮಾಡ್ಸೋಣ" ಎಂದಷ್ಟೇ ಹೇಳಿದರೆ, ಎಷ್ಟು ಹೆಚ್ಚಾಗುತ್ತದೆ, ಯಾವ ದಿನಕ್ಕೆ ಮುಗಿಯುತ್ತದೆ, ಮೇಲ್ ಮಾಡಿ ಎಂದು ನೀವೇ ಕೇಳಿ. ಪ್ಲೈವುಡ್ ಕತ್ತರಿಸುವ ಮೊದಲು ಕೇಳಿ.